ಕಣ್ಣು ಮುಚ್ಚಿ ಕುಳಿತ ತರಗತಿ

ಸಿಟ್ಟು ಬಂದಾಗ ಏನು ಮಾಡಬೇಕು, ಗೆಳೆಯನ ನೋವನ್ನು ಹೇಗೆ ಗುರುತಿಸಬೇಕು, ಆತಂಕವಾದಾಗ ಉಸಿರನ್ನು ಹೇಗೆ ಗಮನಿಸಬೇಕು ಎಂಬುದನ್ನು ಈಗ ಅನೇಕ ದೇಶಗಳ ಶಾಲೆಗಳು ಗಣಿತ, ವಿಜ್ಞಾನದಂತೆಯೇ ಒಂದು ಪೀರಿಯಡ್‌ನಲ್ಲಿ ಕಲಿಸುತ್ತಿವೆ. ಇದಕ್ಕೆ ಸಾಮಾಜಿಕ-ಭಾವನಾತ್ಮಕ ಕಲಿಕೆ ಎಂದು ಹೆಸರು. ಇದನ್ನು ಬೇಡ ಎನ್ನುವುದು ಕಷ್ಟ. ಮಕ್ಕಳಿಗೆ ಸಮಾಧಾನ ಕಲಿಸಬೇಡಿ ಎಂದು ಯಾರು ತಾನೇ ಹೇಳಿಯಾರು? ಆದರೆ ಹೀಗೆ ಬೇಡವೆನ್ನಲಾಗದ ವಿಷಯಗಳಲ್ಲೇ ಪುರಾವೆ ಕೇಳುವ ಅಭ್ಯಾಸ ತಪ್ಪಿಹೋಗುತ್ತದೆ.

ಇದರ ಪರವಾಗಿ ಹೆಚ್ಚಾಗಿ ಉಲ್ಲೇಖಿಸುವುದು 2011ರಲ್ಲಿ ಜೋಸೆಫ್ ಡರ್ಲಾಕ್ ಮತ್ತು ಸಂಗಡಿಗರು ಪ್ರಕಟಿಸಿದ ಅಧ್ಯಯನ. ಅವರು 213 ಕಾರ್ಯಕ್ರಮಗಳ ಫಲಿತಾಂಶವನ್ನು ಒಟ್ಟುಗೂಡಿಸಿ ನೋಡಿದರು. ಓದಿನಲ್ಲಿ 11 ಪರ್ಸೆಂಟೈಲ್ ಮುನ್ನಡೆ ಸಿಕ್ಕಿತು. ಅಂದರೆ ನೂರು ಮಕ್ಕಳ ಸಾಲಿನಲ್ಲಿ ನಟ್ಟನಡುವೆ ನಿಂತ ಹುಡುಗ ಹನ್ನೊಂದು ಮಂದಿಯನ್ನು ದಾಟಿ ಮುಂದೆ ಹೋದಂತೆ. ಭಾಷಣಗಳಲ್ಲಿ ಉಳಿದುಕೊಂಡದ್ದು ಈ ಹನ್ನೊಂದು. ಓದಿನ ಸಾಧನೆಯನ್ನು ಅಳೆದದ್ದು ಆ 213ರಲ್ಲಿ 35 ಅಧ್ಯಯನಗಳು ಮಾತ್ರ, ಆರು ತಿಂಗಳ ನಂತರ ಮತ್ತೆ ಹೋಗಿ ನೋಡಿದ್ದು 33 ಮಾತ್ರ ಎಂಬುದು ಅದೇ ಪ್ರಬಂಧದಲ್ಲೇ ಇದೆ. ಅದನ್ನು ಯಾರೂ ಮುಚ್ಚಿಟ್ಟಿರಲಿಲ್ಲ, ಓದುವ ವ್ಯವಧಾನ ನಮಗಿರಲಿಲ್ಲ ಅಷ್ಟೆ.

ಇಂಥ ಚಿಕ್ಕ ಅಧ್ಯಯನಗಳ ರಾಶಿಗಿಂತ ಒಂದು ದೊಡ್ಡ ಪ್ರಯೋಗ ಹೆಚ್ಚು ಹೇಳುತ್ತದೆ. ಬ್ರಿಟನ್ನಿನಲ್ಲಿ ನಡೆದ 'ಮಿರಿಯಡ್' ಅಂಥದ್ದು. 85 ಶಾಲೆಗಳು, ಹನ್ನೊಂದರಿಂದ ಹದಿಮೂರರ ವಯಸ್ಸಿನ ಎಂಟು ಸಾವಿರಕ್ಕೂ ಹೆಚ್ಚು ಮಕ್ಕಳು. ಯಾವ ಶಾಲೆಗೆ ಮೈಂಡ್‌ಫುಲ್‌ನೆಸ್ ಪಾಠ, ಯಾವ ಶಾಲೆಗೆ ಎಂದಿನ ಪಾಠ ಎಂಬುದನ್ನು ಚೀಟಿ ಎತ್ತಿದ ಹಾಗೆ ನಿರ್ಧರಿಸಿದರು. ಉತ್ಸಾಹಿ ಶಾಲೆಗಳು ತಾವಾಗಿಯೇ ಮುಂದೆ ಬಂದರೆ, ಫಲಿತಾಂಶ ಬಂದದ್ದು ಪಾಠದಿಂದಲೋ ಉತ್ಸಾಹದಿಂದಲೋ ತಿಳಿಯುವುದಿಲ್ಲವಲ್ಲ. ಶಿಕ್ಷಕರು ಮೊದಲು ತಾವು ಧ್ಯಾನ ಕಲಿತು, ಆಮೇಲೆ ಹತ್ತು ಪಾಠ ಮಾಡಿದರು. 2022ರಲ್ಲಿ ಫಲಿತಾಂಶ ಬಂತು: ಒಂದು ವರ್ಷದ ನಂತರ ಖಿನ್ನತೆಯ ಅಪಾಯದಲ್ಲಾಗಲಿ, ನಡವಳಿಕೆಯಲ್ಲಾಗಲಿ, ನೆಮ್ಮದಿಯಲ್ಲಾಗಲಿ ಎರಡೂ ಗುಂಪುಗಳ ನಡುವೆ ಹೇಳಿಕೊಳ್ಳುವಂಥ ವ್ಯತ್ಯಾಸವಿರಲಿಲ್ಲ. ಬಹುಪಾಲು ಮಕ್ಕಳು ಮನೆಯಲ್ಲಿ ಅಭ್ಯಾಸವನ್ನೇ ಮಾಡಿರಲಿಲ್ಲ. ಮೊದಲೇ ಮಾನಸಿಕ ತೊಂದರೆಯ ಅಂಚಿನಲ್ಲಿದ್ದವರಿಗೆ ಕೆಲವು ಅಳತೆಗಳಲ್ಲಿ ತುಸು ಕೆಡುಕೇ ಆದಂತಿತ್ತು.

ಇಲ್ಲಿ ಒಂದು ಎಚ್ಚರ ಬೇಕು. ಆಯ್ದುಕೊಂಡ ಶಾಲೆಗಳಲ್ಲಿ ಭಾವನೆಗಳ ಬಗ್ಗೆ ಏನಾದರೂ ಪಾಠ ಮೊದಲಿನಿಂದಲೇ ನಡೆಯುತ್ತಿತ್ತು. ಹಾಗಾಗಿ ಹೋಲಿಕೆ ಪಾಠಕ್ಕೂ ಶೂನ್ಯಕ್ಕೂ ಅಲ್ಲ, ಹೊಸದಕ್ಕೂ ಇದ್ದದ್ದಕ್ಕೂ. ಭಾವನೆಯ ಪಾಠವೆಲ್ಲ ದಂಡ ಎಂದು ಇದರಿಂದ ತೀರ್ಮಾನಿಸುವಂತಿಲ್ಲ.

ಇನ್ನೊಂದು ಆಕ್ಷೇಪ ಇದಕ್ಕಿಂತ ಕುತೂಹಲಕರ. ಇಂಥ ಅಧ್ಯಯನಗಳಲ್ಲಿ ಬಹುಮಟ್ಟಿಗೆ ಅಳತೆಗೋಲು ಮಗುವಿನ ಸ್ವಂತ ಉತ್ತರ. 'ನನ್ನ ಸಿಟ್ಟನ್ನು ನಾನು ನಿಭಾಯಿಸಬಲ್ಲೆ' ಎಂಬ ವಾಕ್ಯಕ್ಕೆ ಐದರಲ್ಲಿ ಎಷ್ಟು? ಪಾಠಕ್ಕೆ ಮುಂಚೆ ಒಬ್ಬ ಹುಡುಗಿ ನಾಲ್ಕು ಎನ್ನುತ್ತಾಳೆ ಎಂದಿಟ್ಟುಕೊಳ್ಳಿ. ಪಾಠ ಕೇಳಿದ ಮೇಲೆ, ನಿಭಾಯಿಸುವುದೆಂದರೆ ಬಾಯಿ ಮುಚ್ಚಿಕೊಂಡಿರುವುದಲ್ಲ ಎಂದು ಅವಳಿಗೆ ಅರ್ಥವಾಗಿ ಮೂರು ಎನ್ನುತ್ತಾಳೆ. ಅಂಕ ಇಳಿಯಿತು, ತಿಳಿವಳಿಕೆ ಏರಿತು. ಹೀಗಾಗಿ ಕೆಟ್ಟ ಫಲಿತಾಂಶ ನಿಜಕ್ಕೂ ಕೆಟ್ಟದ್ದಲ್ಲ ಎಂದು ಪಾಠದ ಪರ ಇರುವವರು ವಾದಿಸುತ್ತಾರೆ. ಮಾತು ಸರಿ. ಆದರೆ ಅಂಕ ಏರಿದಾಗಲೂ ಅದೇ ಅನುಮಾನ ಇಟ್ಟುಕೊಳ್ಳಬೇಕಲ್ಲವೇ? ಟೀಚರ್ ಕೇಳಲು ಬಯಸಿದ ಉತ್ತರವನ್ನು ಬರೆಯಲು ಮಕ್ಕಳಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಇಳಿದಾಗ ಅಳತೆಗೋಲನ್ನು ದೂರಿ, ಏರಿದಾಗ ಅದನ್ನೇ ನಂಬುವುದು ನನಗೆ ಲೆಕ್ಕದ ತಪ್ಪಿಗಿಂತ ನಡತೆಯ ತಪ್ಪಾಗಿ ಕಾಣುತ್ತದೆ.

ಯಾಕೆಂದರೆ ಇದರ ಬೆಲೆ ತೆರುವವರು ಮಕ್ಕಳು. ವೈದ್ಯರ ಬಳಿ ಹೋದವನು ತನಗೆ ನೋವಿದೆ ಎಂದು ತಾನೇ ಹೋಗಿರುತ್ತಾನೆ, ಮದ್ದು ಹಿಡಿಸದಿದ್ದರೆ ಬಿಡುತ್ತಾನೆ. ತರಗತಿಯ ಮಗು ಎದ್ದು ಹೋಗುವಂತಿಲ್ಲ. ಮನೆಯಲ್ಲಿ ಆ ಬೆಳಿಗ್ಗೆ ತಾನೇ ಜಗಳ ಕಂಡುಬಂದ ಮಗುವಿಗೆ 'ಕಣ್ಣು ಮುಚ್ಚು, ಒಳಗೆ ನೋಡು' ಎಂದರೆ ಅದು ಏನನ್ನು ನೋಡಬೇಕು? ಚಿಂತೆಯನ್ನು ಪದೇ ಪದೇ ಗಮನಿಸಲು ಕಲಿಸಿದರೆ ಸಣ್ಣ ದುಗುಡಗಳೂ ಕಾಯಿಲೆಯಂತೆ ಕಾಣತೊಡಗಬಹುದು ಎಂಬ ಊಹೆಯನ್ನು ಮನೋವಿಜ್ಞಾನಿ ಲೂಸಿ ಫೌಕ್ಸ್ 2023ರಲ್ಲಿ ಸಹೋದ್ಯೋಗಿಯೊಂದಿಗೆ ಮುಂದಿಟ್ಟರು. ಅದಿನ್ನೂ ಊಹೆಯೇ. ಆದರೂ ಒಂದೇ ಪಾಠವನ್ನು ಇಡೀ ತರಗತಿಗೆ ಕೊಡುವ ಮುನ್ನ ಅದನ್ನು ಪರೀಕ್ಷಿಸಿ ನೋಡುವ ಹೊಣೆ ಪಾಠ ತರುವವರದ್ದೇ ಹೊರತು ಬೇಡವೆನ್ನುವವರದ್ದಲ್ಲ.

ಮಿರಿಯಡ್‌ನಲ್ಲಿ ಇನ್ನೊಂದು ಸಂಗತಿಯೂ ಇತ್ತು. ತರಬೇತಿ ಪಡೆದ ಶಿಕ್ಷಕರ ಬಳಲಿಕೆ ಆರಂಭದಲ್ಲಿ ಕಡಿಮೆಯಾಗಿತ್ತು. ಮಕ್ಕಳಿಗೆಂದು ತಂದ ಮದ್ದು ಸ್ವಲ್ಪವಾದರೂ ಹಿಡಿಸಿದ್ದು ಮೇಷ್ಟರಿಗೆ. ಅವರು ಅದನ್ನು ಕಲಿತದ್ದು ದೊಡ್ಡವರಾದ ಮೇಲೆ, ಯಾಕೆ ಕಲಿಯುತ್ತಿದ್ದೇವೆ ಎಂದು ತಿಳಿದುಕೊಂಡು.