ನಿವೃತ್ತಿಯ ದಿನದ ಅಡಿಬರಹ

ನಾಯಂಡಹಳ್ಳಿಯ ಶ್ರಾವಕ ಕುಟುಂಬವೊಂದರಲ್ಲಿ ತಂದೆಯವರು ಜೂನ್ 30ರಂದು ವಯೋನಿವೃತ್ತಿ ಹೊಂದಿದರು. ಸರ್ಕಾರಿ ಕಚೇರಿಯ ಲೆಕ್ಕಪತ್ರ ವಿಭಾಗಕ್ಕೆ ಇಪ್ಪತ್ತನಾಲ್ಕನೆಯ ವಯಸ್ಸಿನಲ್ಲಿ ಗುಮಾಸ್ತರಾಗಿ ಸೇರಿ, 36 ವರ್ಷಗಳ ತರುವಾಯ ಅಧೀಕ್ಷಕರಾಗಿ ಹೊರಬಂದವರು ಅವರು. ಅವರ ಹೆಸರು ಇಲ್ಲಿ ಅಗತ್ಯವಿಲ್ಲ. ಆ ಸಂಜೆ ಕಚೇರಿಯ ಮೆಟ್ಟಿಲ ಮೇಲೆ ತೆಗೆದ ಭಾವಚಿತ್ರದಲ್ಲಿ ತಲೆಗೆ ಮೈಸೂರು ಪೇಟ, ಕೊರಳಿಗೆ ಗಂಧದ ಹಾರ, ಹೆಗಲಿಗೆ ಶಾಲು ಇದ್ದವು. ಎಡಗೈಯಲ್ಲಿ ಬುತ್ತಿಡಬ್ಬಿಗಳ ಹಳೆಯ ಚೀಲವಿತ್ತು. ಮಗನು ಆ ಚಿತ್ರಕ್ಕೆ ಕಟ್ಟುಹಾಕಿಸಿ ನಡುಮನೆಯ ಗೋಡೆಗೆ ತೂಗುಹಾಕಲು ನಿಶ್ಚಯಿಸಿದನು. ಕೆಳಗೆ ಬರೆಸಬೇಕಾದ ವಾಕ್ಯವನ್ನೂ ಸಿದ್ಧಪಡಿಸಿದ್ದನು: “36 ವರ್ಷಗಳ ನಿಷ್ಕಳಂಕ ಸೇವೆ.”

ತಂದೆಯವರು ಅದನ್ನು ಓದಿ, “ಆ ಮಾತು ಬೇಡಪ್ಪ” ಎಂದರು.

ಮಗನಿಗೆ ಆಶ್ಚರ್ಯವಾಯಿತು. ತಂದೆಯ ಸೇವಾ ಪುಸ್ತಕದಲ್ಲಿ ಒಂದೂ ಕೆಟ್ಟ ಷರಾ ಇರಲಿಲ್ಲ. ಕಾರಣ ಕೇಳಿದಾಗ ತಂದೆಯವರು ಅದುವರೆಗೆ ಪತ್ನಿಗಲ್ಲದೆ ಬೇರೆ ಯಾರಿಗೂ ಹೇಳದಿದ್ದ ಸಂಗತಿಯನ್ನು ತಿಳಿಸಿದರು. ಸೇವೆಯ ಹನ್ನೊಂದನೆಯ ವರ್ಷದ ಮಾರ್ಚ್ ಕೊನೆಯ ದಿನ. ಆ ದಿನದೊಳಗೆ ಬಿಲ್ಲು ಖಜಾನೆಗೆ ಹೋಗದಿದ್ದರೆ ಅನುದಾನ ರದ್ದಾಗುತ್ತಿತ್ತು. ಮೇಲಿನವರ ಒತ್ತಾಯಕ್ಕೆ ಮಣಿದು, ಇನ್ನೂ ಬಾರದ ಸಾಮಗ್ರಿಯನ್ನು “ಸ್ವೀಕರಿಸಲಾಗಿದೆ” ಎಂದು ಬರೆದು ಅವರು ಸಹಿ ಹಾಕಿದ್ದರು. ಸಾಮಗ್ರಿ ಮೇ ತಿಂಗಳಲ್ಲಿ ಪೂರ್ಣವಾಗಿ ಬಂದಿತು. ಒಂದು ಪೈಸೆಯೂ ನಷ್ಟವಾಗಲಿಲ್ಲ, ಯಾರೂ ಪ್ರಶ್ನಿಸಲಿಲ್ಲ. ಅಂತಹ ಸಹಿಯನ್ನು ಅವರು ಮತ್ತೆಂದೂ ಹಾಕಲಿಲ್ಲ. “ಸೇವಾ ಪುಸ್ತಕಕ್ಕೆ ಗೊತ್ತಿಲ್ಲದ್ದು ನನಗೆ ಗೊತ್ತಲ್ಲ” ಎಂಬುದಷ್ಟೇ ಅವರ ಉತ್ತರ.

ಇಲ್ಲಿ ಒಂದು ಧರ್ಮಸಂಕಟವಿದೆ. ತತ್ತ್ವಾರ್ಥಸೂತ್ರವು ಸತ್ಯಾಣುವ್ರತಕ್ಕೆ ಐದು ಅತಿಚಾರಗಳನ್ನು ಹೇಳುತ್ತದೆ. ಅವುಗಳಲ್ಲಿ ಕೂಟಲೇಖಕ್ರಿಯೆ ಒಂದು, ಎಂದರೆ ಸುಳ್ಳು ಬರಹ. ಮಾರ್ಚ್ ತಿಂಗಳ ಆ ಸಹಿ ಕೂಟಲೇಖವಾಗಿತ್ತು. ಈಗ ಅದನ್ನು ಬಲ್ಲ ಮಗನೇ “ನಿಷ್ಕಳಂಕ” ಎಂದು ಬರೆಸಿದರೆ, ಒಂದು ಕೂಟಲೇಖವನ್ನು ಮರೆಮಾಡಲು ಇನ್ನೊಂದನ್ನು ಬರೆದಂತಾಗುತ್ತದೆ. ಮೊದಲನೆಯದು ಕಡತದಲ್ಲಿ ಮುಚ್ಚಿಹೋಯಿತು. ಎರಡನೆಯದು ನಿತ್ಯವೂ ತಂದೆಯ ಕಣ್ಣೆದುರು ಗೋಡೆಯ ಮೇಲಿರುತ್ತದೆ. ಹಾಗಾದರೆ ದೋಷವನ್ನೂ ಬರೆದುಬಿಡಬೇಕೆ? ಅದೇ ಐದರಲ್ಲಿ ರಹೋಭ್ಯಾಖ್ಯಾನವೂ ಇದೆ, ಎಂದರೆ ಏಕಾಂತದ ಸಂಗತಿಯನ್ನು ಬಯಲುಮಾಡುವುದು. ಪೂಜ್ಯಪಾದರು ಸರ್ವಾರ್ಥಸಿದ್ಧಿಯಲ್ಲಿ ‘ಅಸತ್’ ಎಂಬ ಶಬ್ದವನ್ನು ವಿವರಿಸುವಾಗ, ಪ್ರಾಣಿಗಳಿಗೆ ಪೀಡೆಯನ್ನುಂಟುಮಾಡುವ ಮಾತು, ಅದು ಇದ್ದ ವಿಷಯವೇ ಆಗಿರಲಿ, ಅಪ್ರಶಸ್ತವೆಂದೇ ಹೇಳುತ್ತಾರೆ. ಆದುದರಿಂದ ಅಡಿಬರಹವು ಇಲ್ಲದ ಗುಣವನ್ನು ಹೇಳಬಾರದು, ನೋಯಿಸುವ ದೋಷವನ್ನೂ ಸಾರಬಾರದು. ಈ ಎರಡರ ನಡುವೆ ಉಳಿಯುವ ಸ್ಥಳ ಕಿರಿದು. ಆದರೆ ಅದು ಬರಿದಲ್ಲ.

ಮಗಳು ಬೇರೊಂದು ಮಾತನ್ನು ಸೂಚಿಸಿದಳು: “ಸಕಲ ವ್ಯವಹಾರವನ್ನು ತ್ಯಜಿಸಿದ ದಿನ.” ಕೇಳಲು ಇದು ಧರ್ಮಸಮ್ಮತವಾಗಿದೆ. ಆದರೆ ‘ತ್ಯಾಗ’ವೆಂಬ ಶಬ್ದಕ್ಕೆ ನಮ್ಮ ಪರಂಪರೆಯಲ್ಲಿ ನಿಶ್ಚಿತವಾದ ಅರ್ಥವಿದೆ. ಶ್ರಾವಕನ ಹನ್ನೊಂದು ಪ್ರತಿಮೆಗಳಲ್ಲಿ ಎಂಟನೆಯದು ಆರಂಭತ್ಯಾಗ. ಆ ಪ್ರತಿಮಾಧಾರಿಯು ಯಾವುದರಿಂದ ಹಿಂದೆ ಸರಿಯಬೇಕೆಂದು ಹೇಳುವಾಗ ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಸೇವೆ, ಕೃಷಿ, ವಾಣಿಜ್ಯ ಎಂಬ ಕ್ರಮವನ್ನು ಅನುಸರಿಸುತ್ತಾರೆ. ಮೊದಲ ಸ್ಥಾನ ಸೇವೆಗೆ, ಎಂದರೆ ಉದ್ಯೋಗಕ್ಕೇ ಇದೆ. ಪ್ರಾಣಿಹಿಂಸೆಗೆ ಕಾರಣವಾಗುವ ಉದ್ಯಮವನ್ನು ತಿಳಿದು, ತಾನಾಗಿ ಬಿಡುವವನು ಆರಂಭತ್ಯಾಗಿ. ಅರುವತ್ತು ತುಂಬಿದ ತಿಂಗಳ ಕೊನೆಯ ದಿನ ನಿಯಮವೇ ನೌಕರನನ್ನು ಬಿಡುಗಡೆ ಮಾಡುತ್ತದೆ. ಅಲ್ಲಿ ಅವನು ಬಿಟ್ಟದ್ದೇನೂ ಇಲ್ಲ. ಅದು ಅವನನ್ನು ಬಿಟ್ಟಿದೆ. ಎರಡಕ್ಕೂ ಲೋಕವು ‘ನಿವೃತ್ತಿ’ಯೆಂದೇ ಹೇಳಿದರೂ ಇವು ಒಂದಲ್ಲ. ಮಗಳ ಮಾತನ್ನೂ ತಂದೆಯವರು ನಗುತ್ತ ಬದಿಗಿಟ್ಟರು.

ಅಡಿಬರಹ ಹೇಗಿರಬೇಕೆಂಬುದಕ್ಕೆ ಕರ್ನಾಟಕದ ಜೈನರು ದೂರ ಹೋಗಬೇಕಾಗಿಲ್ಲ. ಶ್ರವಣಬೆಳಗೊಳದ ವಿಂಧ್ಯಗಿರಿಯಲ್ಲಿ ಗೊಮ್ಮಟೇಶ್ವರನ ಪಾದಗಳ ಬಳಿ ಒಂದು ಬರಹವಿದೆ. ಚಾವುಂಡರಾಯನು ಇದನ್ನು ಮಾಡಿಸಿದನು ಎಂಬುದಷ್ಟೇ ಅದರ ಅರ್ಥ. ಕನ್ನಡದಲ್ಲಿ, ತಮಿಳಿನಲ್ಲಿ, ನಾಗರಿ ಲಿಪಿಯಲ್ಲಿ ಇದೇ ಮಾತಿದೆ. ಗಂಗರ ಈ ಮಂತ್ರಿಗೆ ಬಿರುದುಗಳ ಕೊರತೆಯಿರಲಿಲ್ಲ. ಸಮರಪರಶುರಾಮ, ವೀರಮಾರ್ತಂಡ, ಸತ್ಯಯುಧಿಷ್ಠಿರ ಮೊದಲಾದವು ಅವನವೇ. ಸುಮಾರು 57 ಅಡಿ ಎತ್ತರದ ಮೂರ್ತಿಯ ಪದತಲದಲ್ಲಿ ಅವುಗಳಲ್ಲಿ ಒಂದಾದರೂ ಇಲ್ಲ.

ಅದೇ ಬೆಟ್ಟದ ತ್ಯಾಗದ ಬ್ರಹ್ಮದೇವ ಕಂಬದಲ್ಲಿ ಅವನ ಪರಾಕ್ರಮವನ್ನು ವಿಸ್ತಾರವಾಗಿ ವರ್ಣಿಸುವ ಶಾಸನವಿತ್ತು. ಕ್ರಿ.ಶ. 1200ರ ಸುಮಾರಿನಲ್ಲಿ ಹೆಗ್ಗಡೆ ಕಣ್ಣನೆಂಬುವನು ತನ್ನ ಎರಡೂವರೆ ಸಾಲುಗಳಿಗಾಗಿ ಅದರ ಮೂರು ಮುಖಗಳನ್ನು ಅಳಿಸಿಹಾಕಿಸಿದನು. ಇಂದು ಒಂದು ಮುಖದ ವರ್ಣನೆ ಮಾತ್ರ ಉಳಿದಿದೆ. ಹೊಗಳಿಕೆಯ ಬಹುಭಾಗ ಹೋಯಿತು; ಮಾಡಿದ ಕಾರ್ಯವನ್ನು ಮಾತ್ರ ಹೇಳಿದ ಚಿಕ್ಕ ವಾಕ್ಯ ನಿಂತಿತು.

ಗೊಮ್ಮಟನ ಪಾದದ ಬಳಿ ಮತ್ತೊಂದು ಬರಹವೂ ಇದೆ. ಸುತ್ತಾಲಯವನ್ನು ಗಂಗರಾಜನು ಮಾಡಿಸಿದನೆಂದು ಅದು ತಿಳಿಸುತ್ತದೆ. ಹೊಯ್ಸಳ ವಿಷ್ಣುವರ್ಧನನ ದಂಡನಾಯಕನಾದ ಗಂಗರಾಜನು ಚಾವುಂಡರಾಯನಿಗಿಂತ ಒಂದು ಶತಮಾನಕ್ಕೂ ಹೆಚ್ಚು ಕಾಲ ಈಚಿನವನು. ಮೂರ್ತಿಯ ಕೀರ್ತಿ ಅವನಿಗೆ ಸೇರದು, ಅವನು ಕೇಳಿಯೂ ಇಲ್ಲ. ಸುತ್ತಲಿನದನ್ನು ಯಾರು ಕಟ್ಟಿಸಿದರೋ ಅವರ ಹೆಸರು ಅಷ್ಟರಮಟ್ಟಿಗೆ ಅಲ್ಲಿದೆ.

ನಾಯಂಡಹಳ್ಳಿಯ ಚಿತ್ರಕ್ಕೂ ಇಂತಹ ಸುತ್ತಾಲಯವೊಂದಿತ್ತು. ಅದು ಎಡಗೈಯ ಚೀಲದಲ್ಲಿತ್ತು. ಚಿತ್ರಕ್ಕೆ ಶೋಭೆಯಲ್ಲವೆಂದು ಮಗನು ಅದನ್ನು ಕತ್ತರಿಸಿ ತೆಗೆಸಬೇಕೆಂದಿದ್ದನು. ತಂದೆಯವರಿಗೆ ರಾತ್ರಿಭೋಜನ ತ್ಯಾಗದ ನಿಯಮವಿತ್ತು. ಕಚೇರಿ ಬಿಡುತ್ತಿದ್ದುದು ಐದೂವರೆಗೆ. ಬೆಂಗಳೂರಿನಲ್ಲಿ ಜೂನ್ ಕೊನೆಗೆ ಸೂರ್ಯನು ಆರೂಮುಕ್ಕಾಲರವರೆಗೆ ಇರುತ್ತಾನೆ. ನವೆಂಬರಿನಲ್ಲಿ ಆರಕ್ಕೆ ಮೊದಲೇ ಮುಳುಗುತ್ತಾನೆ. ಮೈಸೂರು ರಸ್ತೆ ನಿಲ್ದಾಣದವರೆಗೆ ಮೆಟ್ರೊ ಬಂದದ್ದು 2015ರಲ್ಲಿ. ಅದಕ್ಕೆ ಮೊದಲು ಬಸ್ಸಿನಲ್ಲಿ ಮನೆ ಸೇರಲು ಒಂದು ಗಂಟೆಯಾದರೂ ಬೇಕಿತ್ತು. ಆದ್ದರಿಂದ ತಾಯಿಯವರು ಮುಂಜಾವದಲ್ಲೆದ್ದು ಎರಡು ಡಬ್ಬಿ ಕಟ್ಟುತ್ತಿದ್ದರು, ಮಧ್ಯಾಹ್ನಕ್ಕೊಂದು, ಬೆಳಕಿರುವಾಗಲೇ ಕಚೇರಿಯಲ್ಲಿ ಉಣ್ಣಲು ಇನ್ನೊಂದು. ಸಂಜೆಯ ಡಬ್ಬಿಯಲ್ಲಿ ಕೆಡದಂತಹ ಪದಾರ್ಥವನ್ನೇ ಇಡಬೇಕಿತ್ತು. ತಂದೆಯವರ ವ್ರತ ತಾಯಿಯವರ ಕೈಯಲ್ಲಿ ನಡೆಯಿತು. ಸನ್ಮಾನದ ಭಾಷಣಗಳಲ್ಲಿ ಇದರ ಪ್ರಸ್ತಾಪವಿರಲಿಲ್ಲ.

ತನ್ನಲ್ಲಿಲ್ಲದ ಗುಣವನ್ನು ಪ್ರಕಟಿಸುವುದೂ ಪರರಲ್ಲಿರುವ ಗುಣವನ್ನು ಮುಚ್ಚುವುದೂ ನೀಚಗೋತ್ರದ ಆಸ್ರವಕ್ಕೆ ಕಾರಣವೆಂದು ತತ್ತ್ವಾರ್ಥಸೂತ್ರದ ಆರನೆಯ ಅಧ್ಯಾಯ ಹೇಳುತ್ತದೆ. ತಂದೆಯ ಹೊಗಳಿಕೆಯಲ್ಲಿ ಮಕ್ಕಳ ಪಾಲೂ ಇರುತ್ತದೆ. ಅದು ಆತ್ಮಪ್ರಶಂಸೆಯ ನಯವಾದ ರೂಪ. “ನಿಷ್ಕಳಂಕ” ಎಂಬ ಶಬ್ದ ಮೊದಲನೆಯ ದೋಷವಾಗುತ್ತಿತ್ತು. ಚೀಲವನ್ನು ಕತ್ತರಿಸಿದ್ದರೆ ಎರಡನೆಯದೂ ಸೇರುತ್ತಿತ್ತು.

ಕೊನೆಗೆ ಚಿತ್ರವನ್ನು ಕತ್ತರಿಸದೆ ಕಟ್ಟುಹಾಕಿಸಿದರು. ಕೆಳಗೆ ತಂದೆಯ ಹೆಸರು, ಹುದ್ದೆ, ಸೇವೆಗೆ ಸೇರಿದ ದಿನ, ಬಿಟ್ಟ ದಿನ ಇಷ್ಟನ್ನು ಬರೆಸಿದರು. ಅದರ ಕೆಳಗಿನ ಸಾಲು: “ಎರಡು ಹೊತ್ತಿನ ಬುತ್ತಿ ಕಟ್ಟಿಕೊಟ್ಟವರು”, ಮುಂದೆ ತಾಯಿಯ ಹೆಸರು. ಅದನ್ನು ಓದಿದ ತಂದೆಯವರು ಈ ಬಾರಿ ಬೇಡವೆನ್ನಲಿಲ್ಲ. ಚಿತ್ರದಲ್ಲಿರುವವನು ಪ್ರತಿದಿನವೂ ತಲೆತಗ್ಗಿಸದೆ ಓದಬಲ್ಲ ಅಡಿಬರಹವೇ ಸರಿಯಾದ ಅಡಿಬರಹ.