ಟಕ್ ಎಂದದ್ದು ಯಾರು?

ಮಂಡ್ಯದ ಕಡೆ ಫ್ರಿಜ್ ಕೆಟ್ಟವರು ಹೇಳುವ ಮಾತು ಹೆಚ್ಚು ಕಡಿಮೆ ಒಂದೇ: ‘ಟಕ್ ಅಂತದೆ, ನಿಂತೋಯ್ತದೆ.’ ಅದನ್ನು ಕೇಳಿದ ಮೆಕ್ಯಾನಿಕ್ಕಿನ ಕೈ ಬ್ಯಾಗಿನಲ್ಲಿರುವ ರಿಲೇ ಕಡೆಗೆ ತಾನಾಗಿ ಹೋಗುತ್ತದೆ. ನನ್ನ ಕೈಯೂ ಹಾಗೇ. ಆದರೆ ಆ ಮಾತಿನಲ್ಲಿ ಒಂದು ಸಂಗತಿ ಬಿಟ್ಟುಹೋಗಿರುತ್ತದೆ. ಟಕ್ ಎನ್ನುವುದಕ್ಕೆ ಮುಂಚೆ ಕಂಪ್ರೆಸರ್ ಗುಂಯ್ ಎಂದಿತೇ? ಎಂದಿದ್ದರೆ ಎಷ್ಟು ಹೊತ್ತು? ಟೆಸ್ಟರ್, ಮೀಟರ್ ಎಲ್ಲಕ್ಕಿಂತ ಮೊದಲು ಕೇಳಬೇಕಾದದ್ದು ಇದನ್ನೇ.

ಕಂಪ್ರೆಸರ್ ಒಳಗಿರುವುದು ಸಿಂಗಲ್ ಫೇಸ್ ಮೋಟಾರು. ಅದರಲ್ಲಿ ಎರಡು ವೈಂಡಿಂಗ್. ರನ್ ವೈಂಡಿಂಗಿಗೆ ಕರೆಂಟು ಕೊಟ್ಟರೆ ಮೋಟಾರು ತಾನಾಗಿ ತಿರುಗಲು ತೊಡಗುವುದಿಲ್ಲ. ನಿಂತಲ್ಲೇ ನಿಂತು ಗುಂಯ್ಗುಡುತ್ತದೆ. ಅದನ್ನು ಒಮ್ಮೆ ತಳ್ಳಿಬಿಡುವುದು ಸ್ಟಾರ್ಟ್ ವೈಂಡಿಂಗಿನ ಕೆಲಸ. ಆ ವೈಂಡಿಂಗನ್ನು ಒಂದು ಕ್ಷಣ ಮಾತ್ರ ಜೋಡಿಸಿ ಆಮೇಲೆ ಬಿಡಿಸುವುದು ರಿಲೇ. ಈಗಿನ ರಿಲೇ ಹೆಸರಿಗೆ ರಿಲೇ, ಒಳಗೆ ಅಲುಗುವ ಭಾಗವೇ ಇಲ್ಲ. ನಾಣ್ಯದಂಥ ಒಂದು ಪಿಂಗಾಣಿ ಬಿಲ್ಲೆ, ಅಷ್ಟೇ. ಪಿಟಿಸಿ ಎಂದು ಕರೆಯುತ್ತೇವೆ. ತಣ್ಣಗಿದ್ದಾಗ ಅದರ ರೆಸಿಸ್ಟೆನ್ಸು ಸಾಮಾನ್ಯವಾಗಿ 15ರಿಂದ 35 ಓಮ್. ಕರೆಂಟು ಹರಿದ ಕೂಡಲೇ ಕಾಯುತ್ತದೆ, ಕಾದಂತೆ ರೆಸಿಸ್ಟೆನ್ಸು ಸಾವಿರಗಟ್ಟಲೆ ಓಮಿಗೆ ಏರುತ್ತದೆ, ಸ್ಟಾರ್ಟ್ ವೈಂಡಿಂಗಿಗೆ ದಾರಿ ಮುಚ್ಚುತ್ತದೆ. ಇದಿಷ್ಟೂ ಸದ್ದಿಲ್ಲದೆ ಆಗುವ ಕೆಲಸ.

ಹಾಗಾದರೆ ಟಕ್ ಎಂದದ್ದು ಯಾರು? ರಿಲೇ ಪಕ್ಕದಲ್ಲೇ ಕೂತ ಓವರ್‌ಲೋಡ್ ಪ್ರೊಟೆಕ್ಟರ್. ಎರಡು ಲೋಹಗಳನ್ನು ಬೆಸೆದ ಒಂದು ತಟ್ಟೆ ಅದರೊಳಗಿದೆ. ಕರೆಂಟು ಮಿತಿ ಮೀರಿದರೆ, ಇಲ್ಲವೇ ಕಂಪ್ರೆಸರಿನ ಮೈ ಬಿಸಿಯಾದರೆ, ಅದು ಬಾಗಿ ಲೈನು ಕಡಿಯುತ್ತದೆ. ಓಡುತ್ತಿರುವ ಸಣ್ಣ ಫ್ರಿಜ್ ಒಂದು ಆಂಪಿಯರ್ ಆಸುಪಾಸು ಎಳೆದರೆ, ತಿರುಗಲಾರದೆ ಸಿಕ್ಕಿಕೊಂಡ ಮೋಟಾರು ಅದರ ಐದಾರು ಪಟ್ಟು ಎಳೆಯುತ್ತದೆ. ಕೆಲವು ಸೆಕೆಂಡು ನೋಡಿ ಓವರ್‌ಲೋಡ್ ಕಡಿಯುತ್ತದೆ. ಒಂದೆರಡು ನಿಮಿಷದಲ್ಲಿ ತಣ್ಣಗಾಗಿ ಮತ್ತೆ ಕೂಡಿಕೊಳ್ಳುತ್ತದೆ: ಟಕ್, ಗುಂಯ್, ಟಕ್. ನಮಗೆ ಕೇಳಿಸುವುದು ಕಾವಲುಗಾರನ ಕೂಗು. ಕೂಗಿದವನನ್ನೇ ಕಳ್ಳ ಎಂದು ಹಿಡಿಯುವುದು ನಮ್ಮ ಕಸುಬಿನಲ್ಲಿ ದಿನನಿತ್ಯದ ಮಾತು.

ಸಮಯ ಕೇಳಬೇಕು ಎಂದದ್ದು ಇದಕ್ಕೇ. ಗುಂಯ್ ಎಂದು ಐದು, ಹತ್ತು ಸೆಕೆಂಡಿನಲ್ಲಿ ಟಕ್ ಎಂದರೆ ಮೋಟಾರು ಹೊರಡುತ್ತಲೇ ಇಲ್ಲ ಎಂದರ್ಥ. ಇಪ್ಪತ್ತು ನಿಮಿಷ ಚೆನ್ನಾಗಿ ಓಡಿ ಆಮೇಲೆ ಟಕ್ ಎಂದರೆ ಹೊರಟಿದೆ, ಆದರೆ ಬಿಸಿ ತಾಳಲಾರದೆ ನಿಂತಿದೆ. ಆಗ ರಿಲೇ ಮುಟ್ಟುವ ಬದಲು ಹಿಂದಿನ ಜಾಲರಿಗೆ ಹಿಡಿದ ಧೂಳು, ಗೋಡೆಗೆ ಒತ್ತಿ ನಿಲ್ಲಿಸಿದ ಫ್ರಿಜ್ಜು, ನಿಂತುಹೋದ ಫ್ಯಾನು ಇವನ್ನು ನೋಡಬೇಕು. ಗುಂಯ್ ಕೂಡ ಇಲ್ಲ, ಟಕ್ ಕೂಡ ಇಲ್ಲ ಎಂದರೆ ಅದು ಬೇರೆಯೇ ಕಥೆ.

ಮದ್ದೂರಿನಿಂದ ಮಳವಳ್ಳಿಗೆ ಹೋಗುವ ದಾರಿಯಲ್ಲಿ, ಕೆ.ಎಂ. ದೊಡ್ಡಿ ದಾಟಿದ ಮೇಲೆ, ರಸ್ತೆ ಬದಿಯ ಒಂದು ಅಂಗಡಿ. ಹಾಲು, ಮೊಸರು, ಕೂಲ್ ಡ್ರಿಂಕ್ಸ್ ಇಡಲು ಒಂಟಿ ಬಾಗಿಲಿನ ಹಳೆಯ ಫ್ರಿಜ್. ಒಂದೇ ಆಲೆ ಹಂಗಾಮಿನಲ್ಲಿ ಅದಕ್ಕೆ ಎರಡು ಸಲ ರಿಲೇ ಬದಲಾಗಿತ್ತು. ಬದಲಿಸಿದಾಗಲೆಲ್ಲ ಓಡಿತ್ತು, ಮತ್ತೆ ನಿಂತಿತ್ತು. ಅಂಗಡಿಯ ಅಕ್ಕ ಹೇಳಿದ ಒಂದು ಮಾತಿನಲ್ಲಿ ಅರ್ಧ ಉತ್ತರವಿತ್ತು. ‘ಹಗಲೊತ್ತು ಏನೂ ಇಲ್ಲ ಕಣಣ್ಣ. ಬೈಗಾಯ್ತು ಅಂದ್ರೆ ಸುರುವಾಯ್ತದೆ.’

ಕೆಟ್ಟ ರಿಲೇಗೆ ಹಗಲು, ಬೈಗು ಎಂಬ ಭೇದವಿಲ್ಲ.

ಮಧ್ಯಾಹ್ನ ಸಾಕೆಟ್ಟಿನಲ್ಲಿ ಮೀಟರ್ ಇಟ್ಟಾಗ 222 ವೋಲ್ಟ್. ಪ್ಲಗ್ ಕಿತ್ತು, ಕಂಪ್ರೆಸರಿನ ಪಕ್ಕದ ಪ್ಲಾಸ್ಟಿಕ್ ಮುಚ್ಚಳ ತೆಗೆದು ರಿಲೇ, ಓವರ್‌ಲೋಡ್ ಎರಡನ್ನೂ ಬಿಚ್ಚಿದೆ. ಮೂರು ಪಿನ್ನುಗಳ ನಡುವೆ 17, 24, 41 ಓಮ್. ಅತಿ ಹೆಚ್ಚು ತೋರಿಸಿದ ಎರಡು ಪಿನ್ನು ರನ್ ಮತ್ತು ಸ್ಟಾರ್ಟ್, ಉಳಿದದ್ದು ಕಾಮನ್. ಚಿಕ್ಕ ಲೆಕ್ಕಗಳೆರಡನ್ನು ಕೂಡಿದರೆ ದೊಡ್ಡದು ಬರಬೇಕು, ಬಂತು. ಪಿನ್ನಿಗೂ ಮೈಗೂ ಸಂಪರ್ಕವಿಲ್ಲ. ವೈಂಡಿಂಗ್ ಕ್ಷೇಮ. ಈಗ ಬಿಚ್ಚಿದ ಹೊಸ ರಿಲೇ 22 ಓಮ್ ತೋರಿಸಿತು. ಹೋದ ಸಲ ಬಿಚ್ಚಿ ಹಾಕಿದ್ದ ರಿಲೇ ಗಲ್ಲಾಪೆಟ್ಟಿಗೆಯಲ್ಲೇ ಬಿದ್ದಿತ್ತು. ಅದನ್ನೂ ಇಸಕೊಂಡು ಅಳೆದರೆ 24 ಓಮ್. ಅಲ್ಲಾಡಿಸಿದರೆ ಗಿಲಿಗಿಲಿ ಇಲ್ಲ, ಸುಟ್ಟ ವಾಸನೆಯೂ ಇಲ್ಲ. ‘ಕೆಟ್ಟುಹೋದ’ ಆ ರಿಲೇಯನ್ನೇ ಹಾಕಿ ಪ್ಲಗ್ ಚುಚ್ಚಿದೆ. ಕಂಪ್ರೆಸರ್ ಒಂದೇ ಏಟಿಗೆ ಹೊರಟಿತು.

ಎರಡು ಸಲ ರಿಲೇ ಬದಲಾದದ್ದೂ ಹಗಲಲ್ಲೇ. ರಾತ್ರಿಯಿಡೀ ಟಕ್ ಟಕ್ ಎಂದ ಫ್ರಿಜ್ಜನ್ನು ಬೆಳಿಗ್ಗೆ ಆಫ್ ಮಾಡಿರುತ್ತಾರೆ. ಮೆಕ್ಯಾನಿಕ್ ಬರುವ ಹೊತ್ತಿಗೆ ಕಂಪ್ರೆಸರ್ ತಣ್ಣಗಾಗಿರುತ್ತದೆ, ಒಳಗಿನ ಗ್ಯಾಸಿನ ಒತ್ತಡ ಎರಡೂ ಬದಿ ಸಮವಾಗಿರುತ್ತದೆ, ಲೈನಿನಲ್ಲಿ ವೋಲ್ಟೇಜ್ ಏರಿರುತ್ತದೆ. ಆಗ ಅವನು ಏನು ಮಾಡಿದರೂ ಫ್ರಿಜ್ ಓಡುತ್ತದೆ. ಮುಚ್ಚಳ ತೆಗೆದು ಹಾಕಿದ್ದರೂ ಓಡುತ್ತಿತ್ತು. ಆದರೆ ಅವನು ಮಾಡಿದ್ದು ರಿಲೇ ಬದಲಿಸಿದ್ದು; ಆದ್ದರಿಂದ ರಿಲೇ ಹೋಗಿತ್ತು ಎಂದು ಅವನೂ ನಂಬುತ್ತಾನೆ, ದುಡ್ಡು ಕೊಟ್ಟವರೂ ನಂಬುತ್ತಾರೆ. ಇಲ್ಲಿ ಮೋಸ ಯಾರದ್ದೂ ಇಲ್ಲ. ಕಾಯಿಲೆ ಇಲ್ಲದ ಹೊತ್ತಿನಲ್ಲಿ ಮದ್ದು ಕೊಟ್ಟು, ಗುಣವನ್ನು ಮದ್ದಿನ ಲೆಕ್ಕಕ್ಕೆ ಬರೆದದ್ದು, ಅಷ್ಟೇ. ರಿಪೇರಿ ಎನ್ನುವುದರಲ್ಲಿ ಇಂಥ ‘ಗುಣ’ಗಳ ಪಾಲು ದೊಡ್ಡದಿದೆ ಎಂಬ ಗುಮಾನಿ ನನಗೆ.

ಹಾಗಾಗಿ ಸಂಜೆಯವರೆಗೆ ಅಲ್ಲೇ ಕೂರಬೇಕಾಯಿತು. ಏಳರ ಸುಮಾರಿಗೆ ಪಂಪ್‌ಸೆಟ್ಟುಗಳು, ಹಿಂದಿನ ಆಲೆಮನೆಯ ಗಾಣ ಎಲ್ಲವೂ ಅದೇ ಟ್ರಾನ್ಸ್‌ಫಾರ್ಮರಿನ ಮೇಲೆ ಬಿದ್ದವು. ಅಂಗಡಿಯ ಬಲ್ಬು ಹಳದಿಗೆ ತಿರುಗಿತು. ಸಾಕೆಟ್ಟಿನಲ್ಲಿ 186 ವೋಲ್ಟ್. ಫ್ರಿಜ್ ಗುಂಯ್ ಎನ್ನುವಷ್ಟರಲ್ಲಿ 164ಕ್ಕೆ ಕುಸಿಯಿತು. ಎಂಟು ಸೆಕೆಂಡಾಗಿರಬೇಕು, ಟಕ್. ಹೊಸ ರಿಲೇ ಹಾಕಿದರೂ ಅದೇ ಗುಂಯ್, ಅದೇ ಟಕ್. ಮೋಟಾರಿಗೆ ಹೊರಡುವ ಶಕ್ತಿ ವೋಲ್ಟೇಜಿನ ವರ್ಗಕ್ಕೆ ತಕ್ಕಂತೆ ಇಳಿಯುತ್ತದೆ. 230ರಿಂದ 164ಕ್ಕೆ ಇಳಿದರೆ ಮೇಲ್ನೋಟಕ್ಕೆ ಹೋದದ್ದು ಮೂರರಲ್ಲೊಂದು ಪಾಲಿಗೂ ಕಡಿಮೆ; ಹೊರಡುವ ಬಲದಲ್ಲಿ ಹೋದದ್ದು ಹೆಚ್ಚು ಕಡಿಮೆ ಅರ್ಧ. ಓಡುತ್ತಿದ್ದ ಫ್ರಿಜ್ 170ರಲ್ಲೂ ಹೇಗೋ ಓಡಿಕೊಂಡಿರುತ್ತದೆ. ಥರ್ಮೋಸ್ಟಾಟ್ ಒಮ್ಮೆ ನಿಲ್ಲಿಸಿದ ಮೇಲೆ ಮತ್ತೆ ಹೊರಡುವುದೇ ಅದಕ್ಕೆ ಆಗದ ಕೆಲಸ.

ಶಿವನಸಮುದ್ರ ಇರುವುದು ಇದೇ ಮಳವಳ್ಳಿ ತಾಲ್ಲೂಕಿನಲ್ಲಿ. 1902ರಲ್ಲಿ ಅಲ್ಲಿಂದ ಕೋಲಾರದ ಚಿನ್ನದ ಗಣಿಗೆ ಕರೆಂಟು ಹೋಯಿತು. ‘ಕರೆಂಟು ಹುಟ್ಟಿದ ಊರಲ್ಲೇ ಹಿಂಗಾ?’ ಎಂದು ಅಂಗಡಿ ಮುಂದೆ ಬೀಡಿ ಸೇದುತ್ತಿದ್ದ ಯಜಮಾನರೊಬ್ಬರು ಕೇಳಿದರು. ಕರೆಂಟಿಗೆ ಊರಿನ ದೂರ ಲೆಕ್ಕಕ್ಕಿಲ್ಲ. ಗಣಿಗೆ ಹೋದದ್ದು ಸಾವಿರಾರು ವೋಲ್ಟಿನ ಲೈನಿನಲ್ಲಿ. ಈ ಅಂಗಡಿಗೆ ಬರುವುದು ಟ್ರಾನ್ಸ್‌ಫಾರ್ಮರಿನಿಂದ ಕಂಬ ಕಂಬ ಹಾದು, ಎಲ್ಲರ ಮೋಟಾರೂ ಎಳೆದುಕೊಂಡ ಮೇಲೆ ಉಳಿದದ್ದು.

ಆದರೂ ತಪ್ಪೆಲ್ಲ ಲೈನಿನದಲ್ಲ. ಅಂಗಡಿಯ ಮೀಟರ್ ಬೋರ್ಡಿನಲ್ಲೇ ಅಳೆದಾಗ 188 ಇದ್ದದ್ದು ಗುಂಯ್ ಹೊತ್ತಿನಲ್ಲಿ 180ಕ್ಕೆ ಇಳಿಯಿತು. ಅಂದರೆ ಬೋರ್ಡಿನಿಂದ ಫ್ರಿಜ್ಜಿಗೆ ಬರುವ ದಾರಿಯಲ್ಲಿ ಇನ್ನೂ 16 ವೋಲ್ಟು ಕಾಣೆ. ಹಿಂದಿನ ಮನೆಯಿಂದ ಶೀಟಿನ ಕೆಳಗೆ ಎಳೆದು ತಂದ ಸಣ್ಣ ವೈರು, ನಡುವೆ ತಿರುಚಿ ಟೇಪು ಸುತ್ತಿದ ಎರಡು ಜಾಯಿಂಟು. ಟೇಪು ಬಿಚ್ಚಿದರೆ ತಾಮ್ರ ಕಪ್ಪಾಗಿ ಪುಡಿಪುಡಿ. ಬಲ್ಬು, ಫ್ಯಾನು ಇದ್ದಾಗ ಆ ಜಾಯಿಂಟು ಏನನ್ನೂ ಹೇಳುವುದಿಲ್ಲ. ಕಂಪ್ರೆಸರ್ ಹೊರಡುವ ಆ ಒಂದು ಕ್ಷಣ ಐದಾರು ಆಂಪಿಯರ್ ಹರಿದಾಗ ಮಾತ್ರ ಅದರ ಬಣ್ಣ ಬಯಲಾಗುತ್ತದೆ. ಸುಮ್ಮನಿದ್ದಾಗಿನ ವೋಲ್ಟೇಜ್ ನೋಡಿ ‘ಕರೆಂಟು ಸರಿ ಐತೆ’ ಎನ್ನುವುದಕ್ಕೆ ಅರ್ಥವಿಲ್ಲ. ಭಾರ ಬಿದ್ದ ಕ್ಷಣದಲ್ಲಿ ನೋಡಬೇಕು.

ರಿಲೇ ಕೆಡುವುದೇ ಇಲ್ಲವೆಂದು ಇದರರ್ಥವಲ್ಲ. ಬಿಲ್ಲೆ ಒಡೆದರೆ ಅಲ್ಲಾಡಿಸಿದಾಗ ಚೂರು ಗಿಲಿಗುಟ್ಟುತ್ತದೆ. ಮೀಟರ್ ತಣ್ಣಗಿದ್ದಾಗಲೂ ಸಂಪರ್ಕವಿಲ್ಲ ಎನ್ನುತ್ತದೆ, ಇಲ್ಲವೇ ನೂರಾರು ಓಮ್ ತೋರಿಸುತ್ತದೆ. ಅಂಥದ್ದನ್ನು ಎಸೆಯಬೇಕು. ಆದರೆ ಹಳೆಯ ಕಾಯಿಲ್ ರಿಲೇ ಒಳಗೆ ಮೇಲೆ ಕೆಳಗೆ ಜಾರುವ ಕಬ್ಬಿಣದ ತುಂಡಿರುತ್ತದೆ. ಅದು ಒಳ್ಳೆಯದಿದ್ದರೂ ಸದ್ದು ಮಾಡುತ್ತದೆ. ಅಲ್ಲಾಡಿಸಿ ನೋಡುವ ಪರೀಕ್ಷೆ ಅದಕ್ಕೆ ನಡೆಯದು. ಬಿಸಿ ಪಿಟಿಸಿಯನ್ನು ಅಳೆದು ಹೋಗಿದೆ ಎನ್ನುವುದೂ ಹಾಗೇ. ಐದು ನಿಮಿಷ ಆರಲು ಬಿಡಬೇಕು. ಕರೆಂಟು ಹೋಗಿ ತಕ್ಷಣ ಬಂದಾಗ ಒಳ್ಳೆಯ ಫ್ರಿಜ್ಜೂ ಒಂದೆರಡು ಸಲ ಟಕ್ ಎನ್ನುವುದು ಇದರಿಂದಲೇ. ಇನ್ನು ಇನ್ವರ್ಟರ್ ಕಂಪ್ರೆಸರಿನ ಫ್ರಿಜ್ಜಿಗೆ ಈ ರಿಲೇಯೇ ಇಲ್ಲ, ಅದನ್ನು ಬೋರ್ಡು ನಡೆಸುತ್ತದೆ. ಈ ಲೆಕ್ಕವನ್ನು ಅಲ್ಲಿಗೆ ಒಯ್ಯಬಾರದು.

ವೋಲ್ಟೇಜ್ ಸರಿಯಿದ್ದು, ರಿಲೇ ಸರಿಯಿದ್ದು, ವೈಂಡಿಂಗ್ ಲೆಕ್ಕ ಕೂಡಿ, ಹತ್ತು ನಿಮಿಷ ಬಿಟ್ಟ ಮೇಲೂ ಗುಂಯ್ ಎಂದು ಟಕ್ ಎಂದರೆ ಕಂಪ್ರೆಸರ್ ಒಳಗೇ ಹಿಡಿದುಕೊಂಡಿದೆ. ಅಲ್ಲಿಗೆ ರಿಲೇಯ ಮಾತು ಮುಗಿಯಿತು. ಅಂಥ ಹೊತ್ತಿನಲ್ಲೇ ಕೆಲವರು ಓವರ್‌ಲೋಡ್ ಕಿತ್ತು ‘ಡೈರೆಕ್ಟ್’ ಕೊಡುತ್ತಾರೆ. ಟಕ್ ಎನ್ನುವುದು ನಿಲ್ಲುತ್ತದೆ, ಖಂಡಿತ. ಸಿಕ್ಕಿಕೊಂಡ ಮೋಟಾರು ಐದಾರು ಪಟ್ಟು ಕರೆಂಟು ಎಳೆಯುತ್ತಲೇ ಇರುತ್ತದೆ, ವೈಂಡಿಂಗ್ ಸುಡುತ್ತದೆ. ವೈರಿಗೆ ಬೆಂಕಿ ಹತ್ತುವುದೂ ಉಂಟು. ಓವರ್‌ಲೋಡ್ ನಿಜವಾಗಿ ಕೆಟ್ಟಿದ್ದರೆ ತಿಳಿಯುವುದು ಸುಲಭ: ತಣ್ಣಗಿರುವಾಗಲೂ ಅದರ ಎರಡು ತುದಿಗಳ ನಡುವೆ ಸಂಪರ್ಕ ಇರುವುದಿಲ್ಲ, ಫ್ರಿಜ್ ಉಸಿರೇ ಎತ್ತುವುದಿಲ್ಲ. ಆಗ ಅದೇ ಅಳತೆಯದನ್ನು ತಂದು ಹಾಕಬೇಕು, ಸಿಕ್ಕಿದ್ದನ್ನಲ್ಲ.

ಅಂಗಡಿಗೆ 2.5 ಚದರ ಮಿಲಿಮೀಟರಿನ ತಾಮ್ರದ ವೈರನ್ನು ಜಾಯಿಂಟಿಲ್ಲದೆ ಎಳೆಸಿದೆವು. ಸಂಜೆ ಗುಂಯ್ ಹೊತ್ತಿನ ವೋಲ್ಟೇಜ್ 177ಕ್ಕೆ ಬಂತು, ಫ್ರಿಜ್ ಹೊರಟಿತು. ಗಾಣದ ಮೋಟಾರು ಸ್ಟಾರ್ಟ್ ಆಗುವ ಗಳಿಗೆಗೇ ಇದೂ ಹೊರಡಲು ಹೋದರೆ ಇನ್ನೂ ಒಮ್ಮೊಮ್ಮೆ ಸೋಲುತ್ತಿತ್ತು. ಅದಕ್ಕೊಂದು ಸ್ಟೆಬಿಲೈಸರ್, ಕರೆಂಟು ಬಂದ ಮೇಲೆ ಮೂರು ನಿಮಿಷ ತಡೆದು ಕೊಡುವಂಥದ್ದು. ಫ್ರಿಜ್ಜಿನಲ್ಲಿ ಈಗಿರುವುದು ಗಲ್ಲಾಪೆಟ್ಟಿಗೆಯಲ್ಲಿದ್ದ 24 ಓಮಿನ ರಿಲೇ. ಹೊಸದು ನನ್ನ ಬ್ಯಾಗಿನಲ್ಲಿದೆ, ಅಕ್ಕ ಅದರ ದುಡ್ಡನ್ನು ವೈರಿನ ಲೆಕ್ಕಕ್ಕೆ ಮುರಿದುಕೊಂಡರು. ಕಂಪನಿಯಿಂದ ಬಂದಿದ್ದ ಮೊಟ್ಟಮೊದಲ ರಿಲೇ ಮಾತ್ರ ಗುಜರಿಗೆ ಹೋಗಿಯಾಗಿತ್ತು. ಅದು ನಿಜಕ್ಕೂ ಕೆಟ್ಟಿತ್ತೋ, ಅದನ್ನೂ ಯಾರೋ ಮಧ್ಯಾಹ್ನದ ಹೊತ್ತು ಬಿಚ್ಚಿ ಹಾಕಿದ್ದರೋ, ಈಗ ಅಳೆದು ನೋಡುವಂತಿಲ್ಲ.