ಒಂದೇ ರೆಂಬೆಯ ಸಾಕ್ಷಿ

ಬಳ್ಳಾರಿಯಿಂದ ಸಿರುಗುಪ್ಪಕ್ಕೆ ಹೋಗಲಿ, ಕುರುಗೋಡಿಗೆ ಹೋಗಲಿ, ರಸ್ತೆಯ ಎರಡೂ ಬದಿ ಮುಳ್ಳಿನ ಗಿಡಗಳು. ಬಸ್ಸಿನ ಕಿಟಕಿಯಿಂದ ಎಲ್ಲವೂ ಜಾಲಿಯೇ. ಇಳಿದು ಹತ್ತಿರ ಹೋದರೆ ಕರಿಜಾಲಿ ಬೇರೆ, ಬಳ್ಳಾರಿ ಜಾಲಿ ಬೇರೆ, ಅಲ್ಲೊಂದು ಇಲ್ಲೊಂದು ಬನ್ನಿಯೂ ಉಂಟು. ಬಳ್ಳಾರಿ ಜಾಲಿ ಅಮೆರಿಕ ಖಂಡದಿಂದ ಬಂದದ್ದು. ಬ್ರಿಟಿಷರ ಕಾಲದಲ್ಲಿ, 1877ರಲ್ಲಿ, ಕಡಪ ಜಿಲ್ಲೆಯಲ್ಲಿ ಇದರ ಬೀಜ ಬಿತ್ತಿದರು. ಈಗ ಹೊಲ, ಕೆರೆಯಂಗಳ, ರಸ್ತೆ ಬದಿ ಎನ್ನದೆ ಹಬ್ಬಿರುವುದರಿಂದ ಆಗಾಗ ಅದನ್ನು ಕಡಿಸುವ ಕೆಲಸ ನಡೆಯುತ್ತದೆ. ಹಾಗೆ ಕಡಿಯುವಾಗ ಮುಳ್ಳಿರುವುದೆಲ್ಲ ಒಟ್ಟಿಗೇ ಹೋಗುತ್ತದೆ. ಗುರುತು ಹಿಡಿಯುವ ಮಾತು ಮುಖ್ಯವಾಗುವುದು ಇಲ್ಲಿ.

ಕುರುಗೋಡು ಕಡೆಯ ಮೇಷ್ಟ್ರೊಬ್ಬರು ಮೂರು ಫೋಟೋ ಕಳಿಸಿ ಕೇಳಿದರು: "ಹೊಲದ ಬದುವಿಗೆ, ರಸ್ತೆಗೆ ಹತ್ತಿಕೊಂಡು ನಿಂತೈತ್ರೀ. ಜಾಲಿ ಅಂತ ಕಡಿಸೋಕೆ ಹೊರಟೀವಿ. ಇದು ಬನ್ನಿ ಆಗಿದ್ದರೆ ಬಿಡ್ತೀವಿ. ನೋಡಿ ಹೇಳ್ರೀ." ಒಂದರಲ್ಲಿ ಎಲೆ, ಒಂದರಲ್ಲಿ ತೊಗಟೆ, ಇನ್ನೊಂದರಲ್ಲಿ ಅಂಗೈ ಮೇಲಿಟ್ಟ ಕಾಯಿ.

ಎಲೆಯಿಂದ ಶುರು ಮಾಡೋಣ. ಜಾಲಿ ಜಾತಿಯ ಗಿಡಗಳಲ್ಲಿ ಕಣ್ಣಿಗೆ ಬೀಳುವ ಪುಟ್ಟ ಹಸಿರು ಚೂರು ಎಲೆಯಲ್ಲ, ಅದು ಎಲೆಯ ಒಂದು ಭಾಗ, ಕಿರುಎಲೆ. ಎಲೆ ಎಲ್ಲಿಂದ ಶುರುವಾಗುತ್ತದೆ ಎಂದು ತಿಳಿಯಲು ಮೊಗ್ಗನ್ನು ಹುಡುಕಬೇಕು. ಎಲೆಯ ದಂಟು ರೆಂಬೆಗೆ ಕೂಡುವ ಕಂಕುಳಲ್ಲಿ ಚಿಗುರಿನ ಮೊಗ್ಗು ಇರುತ್ತದೆ. ಕಿರುಎಲೆಯ ಬುಡದಲ್ಲಿ ಎಂದೂ ಇರುವುದಿಲ್ಲ. ಮೊಗ್ಗಿನಿಂದ ಆಚೆಗಿರುವುದೆಲ್ಲ ಸೇರಿ ಒಂದೇ ಎಲೆ. ಆ ಎಲೆಯ ನಡುದಂಟಿನಿಂದ ಜೋಡಿ ಜೋಡಿಯಾಗಿ ಗರಿಗಳು ಹೊರಡುತ್ತವೆ, ಕಿರುಎಲೆಗಳು ಕೂತಿರುವುದು ಆ ಗರಿಗಳ ಮೇಲೆ. ಎಣಿಸಬೇಕಾದದ್ದು ಗರಿಗಳ ಜೋಡಿಯನ್ನು.

ಕರಿಜಾಲಿಯಲ್ಲಿ ಸಾಮಾನ್ಯವಾಗಿ ಮೂರರಿಂದ ಆರು ಜೋಡಿ ಗರಿ, ಕಿರುಎಲೆಯ ಉದ್ದ ಬರೀ ಐದಾರು ಮಿಲಿಮೀಟರಿನೊಳಗೆ. ಬಳ್ಳಾರಿ ಜಾಲಿಯಲ್ಲಿ ಒಂದೋ ಎರಡೋ ಜೋಡಿ, ಅಪರೂಪಕ್ಕೆ ಮೂರು. ಕಿರುಎಲೆ ಹೆಚ್ಚಾಗಿ ಒಂದು ಸೆಂಟಿಮೀಟರಿನ ಆಸುಪಾಸು, ಒಂದಕ್ಕೊಂದು ಅಂತರ ಬಿಟ್ಟು ಕೂತಿರುತ್ತದೆ. ಮೇಷ್ಟ್ರ ಫೋಟೋದಲ್ಲಿ ಗರಿ ಎರಡೇ ಜೋಡಿ. ಕರಿಜಾಲಿ ಇರಲಿಕ್ಕಿಲ್ಲ ಎನ್ನಲು ಇಷ್ಟು ಸಾಕು. ಆದರೆ ಬನ್ನಿ ಅಲ್ಲ ಎನ್ನಲು ಸಾಲದು. ನಾನಿಲ್ಲಿ ಬನ್ನಿ ಎನ್ನುವುದು ಶಮಿ ಮರಕ್ಕೆ. ಅದು ಬಳ್ಳಾರಿ ಜಾಲಿಯ ಬಂಧು, ಅದರ ಎಲೆಗೂ ಒಂದರಿಂದ ಮೂರು ಜೋಡಿ ಗರಿ. ಎಲೆಯನ್ನು ಮಾತ್ರ ನೋಡಿ ಇವೆರಡನ್ನು ಬೇರೆ ಮಾಡಲು ಹೋದವರು ಎಡವುತ್ತಾರೆ.

ತೊಗಟೆ ಇನ್ನೂ ಕಡಿಮೆ ಹೇಳುತ್ತದೆ. ಬಲಿತ ಕರಿಜಾಲಿಯ ತೊಗಟೆ ಕಪ್ಪಗೆ, ಉದ್ದುದ್ದ ಆಳವಾಗಿ ಸೀಳಿರುತ್ತದೆ. ಬಿಳಿಜಾಲಿಯದು ಮಾಸಲು ಬಿಳುಪು. ಬಳ್ಳಾರಿ ಜಾಲಿಯದೂ ಬನ್ನಿಯದೂ ಬೂದುಗಂದು, ಒರಟು. ಎಳೆಯ ಕಾಂಡ, ಮುದಿ ಬುಡ, ರಸ್ತೆಯ ಧೂಳು, ಮಧ್ಯಾಹ್ನದ ಬಿಸಿಲು ಎಲ್ಲವೂ ಬಣ್ಣವನ್ನು ಬದಲಿಸುತ್ತವೆ. ಹೀಗಾಗಿ ತೊಗಟೆಯ ಫೋಟೋ ಬೇರೆ ಸಾಕ್ಷಿಗೆ ಬೆಂಬಲವಾಗಬಹುದು, ಅದೊಂದನ್ನೇ ನಂಬಿ ತೀರ್ಪು ಕೊಡುವಂತಿಲ್ಲ.

ಇನ್ನು ಕಾಯಿ. ಅಂಗೈ ಮೇಲಿದ್ದದ್ದು ಮಣಿಸರದಂತೆ, ಬೀಜ ಬೀಜದ ನಡುವೆ ಸೊಂಟ ಕಟ್ಟಿದಂತೆ ಕಿರಿದಾದ, ಬೂದು ನವಿರಿನ ಕಾಯಿ. ಇದು ಕರಿಜಾಲಿಯದೇ, ಅನುಮಾನವಿಲ್ಲ. ಎಲೆ ಕರಿಜಾಲಿ ಇರಲಿಕ್ಕಿಲ್ಲ ಎನ್ನುತ್ತದೆ, ಕಾಯಿ ಕರಿಜಾಲಿಯೇ ಎನ್ನುತ್ತದೆ. ಇಂಥ ಕಡೆ ಯಾವುದಾದರೂ ಒಂದನ್ನು ಒಪ್ಪಿಕೊಂಡು ಹೆಸರು ಹೇಳಿಬಿಡುವುದು ಸುಲಭ, ಆದರೆ ಮಾಡಬಾರದು. ಎರಡು ಗುರುತುಗಳು ಹೀಗೆ ಜಗಳವಾಡಿದರೆ ಫೋಟೋಗಳು ಒಂದೇ ಮರದವಲ್ಲ ಎಂದೇ ಮೊದಲು ಶಂಕಿಸಬೇಕು. "ಕಾಯಿ ಎಲ್ಲಿ ಸಿಕ್ಕಿತು?" ಎಂದು ಕೇಳಿದೆ. "ಗಿಡದ ಬುಡದಾಗೆ ಬಿದ್ದಿತ್ರೀ" ಎಂದರು.

ನೆಲದ ಮೇಲಿನ ಕಾಯಿ ಯಾವ ಮರದ್ದೋ ಹೇಳಲಾಗದು. ಗಾಳಿ ತರುತ್ತದೆ, ಮೇಕೆಗಳು ಎಳೆದಾಡುತ್ತವೆ, ಪಕ್ಕದ ಮರದ ಕೊಂಬೆ ಇತ್ತ ಚಾಚಿರುತ್ತದೆ. ಆದ್ದರಿಂದ ಮತ್ತೊಮ್ಮೆ ಹೋಗಿ ಒಂದೇ ರೆಂಬೆಯ ಮೇಲೆ ಎಲೆ, ಮುಳ್ಳು, ಕಾಯಿ ಮೂರೂ ಅಂಟಿಕೊಂಡಿರುವ ಫೋಟೋ ತೆಗೆಯಲು ಹೇಳಿದೆ. ಪಕ್ಕದಲ್ಲಿ ಅಳತೆಗೊಂದು ಸ್ಕೇಲ್ ಇಟ್ಟು, ದೂರದಿಂದ ಇಡೀ ಮರದ್ದೂ ಒಂದು.

ಹೊಸ ಫೋಟೋ ಬಂತು. ಬದುವಿನ ಮೇಲೆ ಮರ ಒಂದಲ್ಲ, ಎರಡು. ಬುಡಗಳ ನಡುವೆ ಒಂದು ಮೊಳವೂ ಅಂತರವಿಲ್ಲ, ಕೊಂಬೆಗಳು ಹೆಣೆದುಕೊಂಡಿವೆ. ಎರಡು ಜೋಡಿ ಗರಿಯ ರೆಂಬೆಗೆ ತೂಗುತ್ತಿದ್ದದ್ದು ಒಣಹುಲ್ಲಿನ ಬಣ್ಣದ, ಚಪ್ಪಟೆಯಾದ, ಸೆಂಟಿಮೀಟರಿಗಿಂತ ತುಸು ಅಗಲದ ನೇರ ಕಾಯಿ. ಬನ್ನಿಯ ಕಾಯಿ ಇದಕ್ಕಿಂತ ಸಣಕಲು. ಆದರೂ ಬಾಡಿದ ಕಾಯಿ ಮೋಸ ಮಾಡಬಹುದೆಂದು ಮುಳ್ಳನ್ನೂ ನೋಡಿದೆ. ಬಳ್ಳಾರಿ ಜಾಲಿಯಲ್ಲಿ ಮುಳ್ಳು ಹುಟ್ಟುವುದು ಗಿಣ್ಣಿನಲ್ಲಿ, ಎಲೆ ಹೊರಡುವ ಜಾಗದಲ್ಲೇ, ನೇರವಾಗಿ. ಬನ್ನಿಯಲ್ಲಿ ಗಿಣ್ಣು ಗಿಣ್ಣಿನ ನಡುವೆ, ರೆಂಬೆಯುದ್ದಕ್ಕೂ ಚೆದುರಿದಂತೆ ಗಿಡ್ಡ ಮುಳ್ಳುಗಳು. ಇಲ್ಲಿ ಮುಳ್ಳು ಗಿಣ್ಣಿನಲ್ಲೇ ಇತ್ತು. ಅದು ಬಳ್ಳಾರಿ ಜಾಲಿ. ಪಕ್ಕದ್ದು, ಕಾಯಿ ಉದುರಿಸಿದ್ದು, ಕರಿಜಾಲಿ.

ಮುಳ್ಳಿಗೂ ಒಂದು ಮಿತಿಯಿದೆ. ಮುಳ್ಳೇ ಇಲ್ಲದ ಬಳ್ಳಾರಿ ಜಾಲಿಯೂ ಉಂಟು, ಕರಿಜಾಲಿ ಮುದಿಯಾದಂತೆ ಮುಳ್ಳು ಕಳೆದುಕೊಳ್ಳುವುದೂ ಉಂಟು. ಮುಳ್ಳು ಎಲ್ಲಿದೆ ಎಂಬುದು ಗುರುತು. ಮುಳ್ಳಿಲ್ಲ ಎಂಬುದು ಗುರುತಲ್ಲ. ಕಾಯಿ ಇಲ್ಲದ ಕಾಲದಲ್ಲಿ ಹೂ ನೆರವಿಗೆ ಬರುತ್ತದೆ: ಕರಿಜಾಲಿಗೆ ಚಿನ್ನದ ಬಣ್ಣದ ಗುಂಡು ಹೂ, ಬಳ್ಳಾರಿ ಜಾಲಿಗೂ ಬನ್ನಿಗೂ ಬೆರಳುದ್ದದ ಹಳದಿ ತೆನೆ. ಹೂವೂ ಇಲ್ಲ, ಕಾಯಿಯೂ ಇಲ್ಲ, ಮುಳ್ಳೂ ಕಾಣದು ಎಂದಾದರೆ "ಜಾಲಿಯ ಕುಲದ್ದು" ಎಂದಷ್ಟೇ ಹೇಳಿ ನಿಲ್ಲಿಸುವುದು ಸರಿಯಾದ ಉತ್ತರ.

ಮೇಷ್ಟ್ರು ಹುಡುಕಿದ ಬನ್ನಿ ಅಲ್ಲಿರಲಿಲ್ಲ. ಆದರೆ ಬಳ್ಳಾರಿ ಜಾಲಿಯ ಜೊತೆ ಹೆಣೆದುಕೊಂಡು ಈ ನೆಲದ್ದೇ ಆದ ಕರಿಜಾಲಿಯೊಂದಿತ್ತು. ಅದರ ಕಾಯಿ ಕುರಿ ಮೇಕೆಗೆ ಮೇವು, ಅದರ ಕಟ್ಟಿಗೆ ಹೊಲದ ಸಲಕರಣೆಗೆ ಬರುತ್ತದೆ. ಅದರ ಬುಡಕ್ಕೆ ಸುಣ್ಣ ಬಳಿಯಿರಿ, ಕಡಿಯುವವರಿಗೆ ಗುರುತಿರಲಿ ಎಂದೆ. ಕೊಡಲಿ ಹಾಕಿಸುವವರು ಯಾರೇ ಆಗಲಿ, ಬುಡದಿಂದ ಬುಡಕ್ಕೆ ಹೋಗಿ ಪ್ರತಿಯೊಂದರಿಂದ ಒಂದು ರೆಂಬೆ ಬಗ್ಗಿಸಿ, ಗರಿಯ ಜೋಡಿ ಎಣಿಸಿ, ಮುಳ್ಳಿನ ಜಾಗ ನೋಡಿ, ಉಳಿಸುವುದಕ್ಕೆ ಸುಣ್ಣ ಬಳಿದು ಮುಂದೆ ಹೋಗಲಿ. ಒಂದು ಬದುವಿಗೆ ಅರ್ಧ ಗಂಟೆ ಹಿಡಿದೀತು. ಕಡಿದ ಕರಿಜಾಲಿ ಮತ್ತೆ ಆ ಎತ್ತರಕ್ಕೆ ಬರಲು ವರ್ಷಗಳೇ ಬೇಕು.